ಪ್ರೂಫ್ ಕೊಡದಿದ್ದರೆ ಜನವರಿಯಿಂದ ಸಂಬಳ ಎಷ್ಟು ಇಳಿಯುತ್ತದೆ? ಲೆಕ್ಕ ಹಾಕುವುದು, ತಡೆಯುವುದು, ಹೋದದ್ದನ್ನು ವಾಪಸ್ ಪಡೆಯುವುದು

ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಒಂದೇ ಸಮನೆ ಬರುತ್ತಿದ್ದ ಸಂಬಳ ಜನವರಿಯಲ್ಲಿ ಅರ್ಧಕ್ಕೆ ಇಳಿದಿರುತ್ತದೆ. ಪೇಸ್ಲಿಪ್ ತೆರೆದರೆ ಟಿಡಿಎಸ್ ಸಾಲಿನಲ್ಲಿ 11,000 ಇದ್ದ ಜಾಗದಲ್ಲಿ 72,000 ಕಾಣುತ್ತದೆ. ಕಂಪನಿ ದಂಡ ಹಾಕಿದೆ ಎಂದು ತುಂಬಾ ಜನ ತಿಳಿಯುತ್ತಾರೆ. ಇದು ದಂಡ ಅಲ್ಲ. ಬಾಡಿಗೆ, ಮನೆ ಸಾಲ, ವಿಮೆಗೆ ಇಷ್ಟು ಕಟ್ಟುತ್ತೇನೆ ಎಂಬ ನಿಮ್ಮ ಮಾತಿನ ಮೇಲೆ ಒಂಬತ್ತು ತಿಂಗಳು ಕಡಿಮೆ ಹಿಡಿದಿದ್ದ ತೆರಿಗೆಯನ್ನು, ಅದರ ಪ್ರೂಫ್ ಆಗುವ ಕಾಗದ ಬರಲಿಲ್ಲ ಅನ್ನುವ ಕಾರಣಕ್ಕೆ, ಉಳಿದ ಮೂರು ತಿಂಗಳಲ್ಲಿ ಒಟ್ಟಿಗೆ ಹಿಡಿಯುತ್ತಿದ್ದಾರೆ, ಅಷ್ಟೇ. ಹಾಗಾಗಿ ಎಷ್ಟು ಇಳಿಯುತ್ತದೆ ಎಂದು ಮೊದಲೇ ನಿಖರವಾಗಿ ಲೆಕ್ಕ ಹಾಕಬಹುದು. ಯಾವ ಕಾಗದ ಕೊಟ್ಟರೆ ಎಷ್ಟು ರೂಪಾಯಿ ಉಳಿಯುತ್ತದೆ ಎಂದೂ ಹೇಳಬಹುದು.

ಇಲ್ಲಿನ ಲೆಕ್ಕವೆಲ್ಲ 2025–26ರ ಹಣಕಾಸು ವರ್ಷದ್ದು, ಅಂದರೆ 1961ರ ಆದಾಯ ತೆರಿಗೆ ಕಾಯ್ದೆಯ ಪ್ರಕಾರ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಆದರೆ 2025–26ರ ರಿಟರ್ನ್ ಹಳೆ ಕಾಯ್ದೆಯ ಲೆಕ್ಕದಲ್ಲೇ ಹೋಗುತ್ತದೆ.

ಈ ಜಿಗಿತ ಯಾಕೆ ಬರುತ್ತದೆ

ಸಂಬಳ ಕೊಡುವವರು ವರ್ಷದ ಆರಂಭದಲ್ಲೇ ನಿಮ್ಮ ಇಡೀ ವರ್ಷದ ತೆರಿಗೆಯನ್ನು ಅಂದಾಜು ಮಾಡಿ, ಅದನ್ನು ತಿಂಗಳುಗಳಿಗೆ ಹಂಚಿ ಹಿಡಿಯಬೇಕು. ಸೆಕ್ಷನ್ 192 ಹೇಳುವುದು ಇದನ್ನೇ. ಆ ಅಂದಾಜಿಗೆ ನೀವು ಏಪ್ರಿಲ್‌ನಲ್ಲಿ ಕೊಟ್ಟ ಡಿಕ್ಲರೇಷನ್ ಆಧಾರ. "ಇಷ್ಟು ಬಾಡಿಗೆ ಕೊಡುತ್ತೇನೆ, ಇಷ್ಟು ಹೋಮ್ ಲೋನ್ ಬಡ್ಡಿ ಕಟ್ಟುತ್ತೇನೆ" ಎಂದು ನೀವು ಬರೆದದ್ದನ್ನು ನಂಬಿ ತೆರಿಗೆ ಕಡಿಮೆ ಹಿಡಿಯುತ್ತಾರೆ. ಡಿಸೆಂಬರ್ ಅಥವಾ ಜನವರಿಯಲ್ಲಿ ಪೋರ್ಟಲ್ ತೆರೆದು ಪ್ರೂಫ್ ಕೇಳುತ್ತಾರೆ. ಅದರ ಜೊತೆ ಹೋಗುವುದು ನಿಮ್ಮ ಕ್ಲೇಮ್‌ಗಳ ಪಟ್ಟಿಯಾದ ಫಾರ್ಮ್ 12ಬಿಬಿ. ಪ್ರೂಫ್ ಬಾರದ ಪ್ರತಿಯೊಂದು ಸಾಲನ್ನೂ ಸೊನ್ನೆ ಮಾಡಿ, ವರ್ಷದ ತೆರಿಗೆಯನ್ನು ಮೊದಲಿಂದ ಲೆಕ್ಕ ಹಾಕುತ್ತಾರೆ. ಈಗಾಗಲೇ ಹಿಡಿದದ್ದನ್ನು ಕಳೆದು, ಉಳಿದದ್ದನ್ನು ಮಾರ್ಚ್‌ವರೆಗಿನ ತಿಂಗಳುಗಳಿಗೆ ಹಂಚುತ್ತಾರೆ.

"ಸ್ವಲ್ಪ ಬಿಡಿ, ಆಮೇಲೆ ಕೊಡ್ತೀನಿ" ಎಂದು ಪೇರೋಲ್‌ನವರ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ. ತೆರಿಗೆ ಕಡಿಮೆ ಹಿಡಿದರೆ ತಪ್ಪಿತಸ್ಥರಾಗುವುದು ಕಂಪನಿ. ಆ ಕೊರತೆಗೆ ತಿಂಗಳಿಗೆ 1 ಶೇಕಡಾ ಬಡ್ಡಿ ಕಟ್ಟಬೇಕಾದವರೂ ಅವರೇ. ವರ್ಷದ ಲೆಕ್ಕ ಮಾರ್ಚ್ ಸಂಬಳಕ್ಕೆ ಮುಗಿಯುವುದರಿಂದ ಏಪ್ರಿಲ್‌ಗೆ ತಳ್ಳಲೂ ಆಗುವುದಿಲ್ಲ.

ಹೆಜ್ಜೆ 1: ನೀವು ಯಾವ ಪದ್ಧತಿಯಲ್ಲಿದ್ದೀರಿ ನೋಡಿ

ಇದನ್ನು ನೋಡದೆ ಮುಂದೆ ಹೋಗಬೇಡಿ. 2023–24ರಿಂದ ಹೊಸ ತೆರಿಗೆ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ. ಹಳೆಯದು ಬೇಕು ಎಂದು ನೀವಾಗಿ ಹೇಳಿದ್ದರೆ ಮಾತ್ರ ಹಳೆಯದು. ಹೊಸ ಪದ್ಧತಿಯಲ್ಲಿ ಬಾಡಿಗೆಯ ಎಚ್‌ಆರ್‌ಎ, 80ಸಿ ಅಡಿಯ ಪಿಎಫ್, ಜೀವ ವಿಮೆಯಂಥ ಉಳಿತಾಯ, 80ಡಿ ಅಡಿಯ ಆರೋಗ್ಯ ವಿಮೆ, ಸ್ವಂತ ವಾಸದ ಮನೆಯ ಬಡ್ಡಿ ಯಾವುದೂ ಕಳೆಯುವುದಿಲ್ಲ. ಅಂದರೆ ಅವುಗಳ ಪ್ರೂಫ್ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ.

ಪೇಸ್ಲಿಪ್ ಪೋರ್ಟಲ್‌ನಲ್ಲಿ ತೆರಿಗೆ ಲೆಕ್ಕದ ಹಾಳೆ ಇರುತ್ತದೆ. ಪದ್ಧತಿ ಯಾವುದು ಎಂದು ಸಾಮಾನ್ಯವಾಗಿ ಅದರ ಮೇಲ್ಭಾಗದಲ್ಲೇ ಬರೆದಿರುತ್ತಾರೆ. ಹೊಸ ಪದ್ಧತಿಯಲ್ಲಿದ್ದೂ ಜನವರಿಯಲ್ಲಿ ತೆರಿಗೆ ಜಿಗಿದಿದ್ದರೆ ಕಾರಣ ಬೇರೆ. ಬೋನಸ್ ಬಂದಿರಬಹುದು. ಅಥವಾ ವರ್ಷದ ಮಧ್ಯೆ ಕೆಲಸ ಬದಲಿಸಿ, ಹಿಂದಿನ ಕಂಪನಿಯ ಸಂಬಳದ ವಿವರವನ್ನು ತಡವಾಗಿ ಕೊಟ್ಟಿರಬಹುದು. ಆಗ ಎರಡೂ ಕಂಪನಿಗಳಲ್ಲಿ ಸೇರಿ ಮೊದಲ ಸ್ಲ್ಯಾಬುಗಳ ಮತ್ತು ಸ್ಟ್ಯಾಂಡರ್ಡ್ ಡಿಡಕ್ಷನ್‌ನ ಲಾಭ ಎರಡು ಸಲ ಸಿಕ್ಕಿರುತ್ತದೆ. ಒಂದು ಸಲದ್ದು ಕೊನೆಯಲ್ಲಿ ವಾಪಸ್ ಹೋಗುತ್ತದೆ.

ನೀವು ಹಳೆ ಪದ್ಧತಿಯಲ್ಲಿದ್ದರೆ ಮುಂದೆ ಓದಿ.

ಹೆಜ್ಜೆ 2: ಜಿಗಿತವನ್ನು ನೀವೇ ಲೆಕ್ಕ ಹಾಕಿ

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸೋಣ. ಬೆಂಗಳೂರಿನಲ್ಲಿ ಕೆಲಸ, ತಿಂಗಳಿಗೆ ಒಟ್ಟು ಸಂಬಳ 1,50,000, ವರ್ಷಕ್ಕೆ 18 ಲಕ್ಷ. ಅದರಲ್ಲಿ ಬೇಸಿಕ್ 75,000, ಎಚ್‌ಆರ್‌ಎ 30,000. ಬಾಡಿಗೆ ತಿಂಗಳಿಗೆ 30,000. ಹಾಸನದಲ್ಲಿ ಸಾಲ ಮಾಡಿ ಕಟ್ಟಿಸಿದ ಮನೆಯಲ್ಲಿ ಅಪ್ಪ ಅಮ್ಮ ಇದ್ದಾರೆ. ಅದರ ಬಡ್ಡಿ ವರ್ಷಕ್ಕೆ 2 ಲಕ್ಷ ದಾಟುತ್ತದೆ. ಪಿಎಫ್ ತಿಂಗಳಿಗೆ 9,000.

ಏಪ್ರಿಲ್‌ನಲ್ಲಿ ಅವರು ಡಿಕ್ಲೇರ್ ಮಾಡಿದ್ದು ಹೀಗೆ. ಎಚ್‌ಆರ್‌ಎ ವಿನಾಯಿತಿ 2,70,000. ಇದು ವರ್ಷದ ಬಾಡಿಗೆ 3,60,000ದಿಂದ ಬೇಸಿಕ್‌ನ ಹತ್ತನೇ ಒಂದು ಭಾಗವಾದ 90,000 ಕಳೆದು ಬಂದದ್ದು. ಕೈಗೆ ಬಂದ ಎಚ್‌ಆರ್‌ಎ ಮತ್ತು ಬೇಸಿಕ್‌ನ 40 ಶೇಕಡಾ, ಈ ಎರಡೂ 3,60,000. ಮೂರರಲ್ಲಿ ಕಡಿಮೆ ಇರುವುದೇ ವಿನಾಯಿತಿ. ಮನೆ ಸಾಲದ ಬಡ್ಡಿಗೆ ಮಿತಿ 2,00,000. 80ಸಿಯಲ್ಲಿ 1,50,000: ಪಿಎಫ್ 1,08,000, ಉಳಿದ 42,000 ಮನೆ ಸಾಲದ ಅಸಲಿನಿಂದ. ಆರೋಗ್ಯ ವಿಮೆಗೆ 75,000: ತಮ್ಮ ಕುಟುಂಬಕ್ಕೆ 25,000, ಅರವತ್ತು ದಾಟಿದ ಅಪ್ಪ ಅಮ್ಮನಿಗೆ 50,000. ಇದರ ಮೇಲೆ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,500.

ಇಷ್ಟೆಲ್ಲ ಕಳೆದರೆ ತೆರಿಗೆಗೆ ಒಳಪಡುವ ಆದಾಯ 10,52,500. ಮೊದಲ 10 ಲಕ್ಷಕ್ಕೆ 1,12,500, ಮಿಕ್ಕ 52,500ಕ್ಕೆ 30 ಶೇಕಡಾ, ಮೇಲೆ 4 ಶೇಕಡಾ ಸೆಸ್. ಒಟ್ಟು 1,33,380. ತಿಂಗಳಿಗೆ 11,115. ಪಿಎಫ್, ವೃತ್ತಿ ತೆರಿಗೆ 200 ಮತ್ತು ಈ ಟಿಡಿಎಸ್ ಹೋಗಿ ಕೈಗೆ ಬರುವುದು 1,29,685.

ಈಗ ಒಂದೂ ಪ್ರೂಫ್ ಕೊಡಲಿಲ್ಲ ಅಂದುಕೊಳ್ಳಿ. ಪಿಎಫ್, ವೃತ್ತಿ ತೆರಿಗೆ, ಸ್ಟ್ಯಾಂಡರ್ಡ್ ಡಿಡಕ್ಷನ್ ಮಾತ್ರ ಉಳಿಯುತ್ತವೆ. ಅವು ಕಂಪನಿಯ ಪುಸ್ತಕದಲ್ಲೇ ಇರುವುದರಿಂದ ಯಾರೂ ಪ್ರೂಫ್ ಕೇಳುವುದಿಲ್ಲ. ತೆರಿಗೆಯ ಆದಾಯ 16,39,500ಕ್ಕೆ ಏರುತ್ತದೆ. ವರ್ಷದ ತೆರಿಗೆ 3,16,524. ಡಿಸೆಂಬರ್‌ವರೆಗೆ ಹಿಡಿದದ್ದು ಒಂಬತ್ತು ತಿಂಗಳಿಗೆ 1,00,035. ಬಾಕಿ 2,16,489. ಮೂರು ತಿಂಗಳಿಗೆ ಹಂಚಿದರೆ ತಿಂಗಳಿಗೆ 72,163. ಜನವರಿಯಲ್ಲಿ ಕೈಗೆ ಬರುವುದು 68,637. ಫೆಬ್ರವರಿಯಲ್ಲಿ ಇನ್ನೂ ನೂರು ಕಡಿಮೆ. ಯಾಕೆಂದರೆ ಕರ್ನಾಟಕದಲ್ಲಿ ಈಗ ಆ ತಿಂಗಳ ವೃತ್ತಿ ತೆರಿಗೆ 300.

ಕಂಪನಿ ಎಷ್ಟು ತಡವಾಗಿ ಲೆಕ್ಕ ಬದಲಿಸುತ್ತದೋ ಅಷ್ಟು ಜೋರಾಗಿ ಹೊಡೆತ ಬೀಳುತ್ತದೆ. ಫೆಬ್ರವರಿಯಿಂದ ಶುರು ಮಾಡಿದರೆ ಇದೇ ವ್ಯಕ್ತಿಯ ಟಿಡಿಎಸ್ ತಿಂಗಳಿಗೆ 1,02,687. ಕೈಗೆ ಬರುವುದು ಸುಮಾರು 38,000 ಮಾತ್ರ. ಎಲ್ಲವೂ ಮಾರ್ಚ್ ಒಂದಕ್ಕೇ ಬಿದ್ದರೆ ಹಿಡಿಯಬೇಕಾದದ್ದು 1,94,259. ಪಿಎಫ್, ವೃತ್ತಿ ತೆರಿಗೆ ಹೋಗಿ ಆ ತಿಂಗಳ ಸಂಬಳದಲ್ಲಿ ಉಳಿಯುವುದೇ 1,40,800. ಅಂದರೆ ಸಂಬಳ ಪೂರ್ತಿ ಹೋದರೂ ತೆರಿಗೆ ಬಾಕಿ ಉಳಿಯುತ್ತದೆ. ಹಾಗಾಗಿ ಪ್ರೂಫ್ ಕೊಡಲು ಕೊನೆಯ ದಿನ ಮುಂದೆ ಹೋಯಿತು ಎಂದು ಸಮಾಧಾನ ಪಡಬೇಡಿ. ಕೊಡುವುದಿಲ್ಲ ಎಂದಾದರೆ, ಬೇಗ ಹಿಡಿಯುವುದೇ ನಿಮಗೆ ಒಳ್ಳೆಯದು.

ನಿಮ್ಮ ಲೆಕ್ಕಕ್ಕೆ ಇಷ್ಟು ದೊಡ್ಡ ಗುಣಾಕಾರ ಬೇಕಿಲ್ಲ. ಹಳೆ ಪದ್ಧತಿಯಲ್ಲಿ ಎಲ್ಲ ಕಳೆದ ಮೇಲೂ ಆದಾಯ 10 ಲಕ್ಷದ ಮೇಲಿದ್ದರೆ, ತಪ್ಪಿಹೋದ ಪ್ರತಿ ರೂಪಾಯಿಗೂ 31.2 ಪೈಸೆ ತೆರಿಗೆ ಜಾಸ್ತಿ. ಸ್ಪ್ರೆಡ್‌ಶೀಟ್‌ನಲ್ಲಿ `B1`ಗೆ ಪ್ರೂಫ್ ಇಲ್ಲದ ಮೊತ್ತ, `B2`ಗೆ ಉಳಿದ ತಿಂಗಳುಗಳನ್ನು ಹಾಕಿ:

```
=ROUND(B1*0.312/B2,0)
```

ಬರುವ ಉತ್ತರವೇ ಪ್ರತಿ ತಿಂಗಳು ಕಡಿಮೆಯಾಗುವ ಸಂಬಳ. ನಮ್ಮ ಉದಾಹರಣೆಯಲ್ಲಿ ಪ್ರೂಫ್ ಇಲ್ಲದ್ದು 5,87,000, ಮೂರು ತಿಂಗಳು, ಉತ್ತರ 61,048. ಆದಾಯ 5ರಿಂದ 10 ಲಕ್ಷದ ನಡುವೆ ಇದ್ದರೆ 0.312ರ ಬದಲು 0.208 ಹಾಕಿ. ಪ್ರೂಫ್ ಇಲ್ಲದೆ 10 ಲಕ್ಷದ ಗೆರೆ ದಾಟುವವರಿಗೆ ಎರಡೂ ದರ ಬೆರೆಯುತ್ತವೆ. ಆಗ ಪೋರ್ಟಲ್‌ನ ಲೆಕ್ಕವನ್ನೇ ನೋಡಿ.

ಹೆಜ್ಜೆ 3: ಹೆಚ್ಚು ರೂಪಾಯಿ ಉಳಿಸುವ ಕಾಗದವನ್ನು ಮೊದಲು ಹಿಡಿಯಿರಿ

ತುಂಬಾ ಜನ ಕೈಗೆ ಸುಲಭವಾಗಿ ಸಿಗುವ ರಸೀದಿಗಳನ್ನೆಲ್ಲ ಅಪ್‌ಲೋಡ್ ಮಾಡಿ, ಕಷ್ಟದ್ದನ್ನು ಕೊನೆಗೆ ಬಿಡುತ್ತಾರೆ. ಸಾಮಾನ್ಯವಾಗಿ ಆ ಕಷ್ಟದ ಕಾಗದದಲ್ಲೇ ದುಡ್ಡು ಇರುವುದು. ನಮ್ಮ ಉದಾಹರಣೆಯಲ್ಲಿ ಬಾಡಿಗೆಯ ಕಾಗದಕ್ಕೆ 84,240, ಬ್ಯಾಂಕಿನ ಒಂದು ಸರ್ಟಿಫಿಕೇಟ್‌ಗೆ 75,504, ವಿಮೆಯ ರಸೀದಿಗಳಿಗೆ 23,400. ಬ್ಯಾಂಕಿನ ಸರ್ಟಿಫಿಕೇಟ್‌ನಲ್ಲಿ ಬಡ್ಡಿಯೂ ಇರುತ್ತದೆ, 80ಸಿಗೆ ಬೇಕಾದ ಅಸಲೂ ಇರುತ್ತದೆ. ಎರಡೂ ಸಾಲುಗಳಲ್ಲಿ ಅದನ್ನೇ ಹಾಕಬೇಕು. ಬಡ್ಡಿಗೆ ಮಾತ್ರ ಹಾಕಿ ಅಸಲನ್ನು ಮರೆಯುವವರು ಬಹಳ.

ಬಾಡಿಗೆಗೆ ಬೇಕಾಗುವುದು ಬಾಡಿಗೆ ಕರಾರು, ರಸೀದಿಗಳು, ಮತ್ತು ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಓನರ್‌ನ ಪ್ಯಾನ್. ಎಲ್ಲರೂ ಸಿಕ್ಕಿಬೀಳುವುದು ಈ ಪ್ಯಾನ್‌ನಲ್ಲೇ. ಜನವರಿಯಲ್ಲಿ ಕೇಳಿದರೆ ಓನರ್ ಫೋನ್ ಎತ್ತದೆ ಇರಬಹುದು. ಕರಾರು ಬರೆಯುವಾಗಲೇ, ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಿ ಕರಾರಿನಲ್ಲೇ ಬರೆಸಿಕೊಳ್ಳಿ. ಓನರ್‌ಗೆ ಪ್ಯಾನೇ ಇಲ್ಲದಿದ್ದರೆ, ಹೆಸರು ವಿಳಾಸದ ಜೊತೆ ಹಾಗೆಂದು ಅವರಿಂದ ಬರೆಸಿಕೊಂಡು ಸಹಿ ಹಾಕಿಸಿ ಕೊಡಬಹುದು. ನಗದಾಗಿ ಕೊಟ್ಟ 5,000 ಮೀರಿದ ಬಾಡಿಗೆಯ ರಸೀದಿಗೆ ರೆವಿನ್ಯೂ ಸ್ಟ್ಯಾಂಪ್ ಬೇಕು. ಬ್ಯಾಂಕ್ ಮೂಲಕ ಕೊಟ್ಟರೆ ಈ ತಲೆನೋವೇ ಇಲ್ಲ, ದಾಖಲೆಯೂ ಗಟ್ಟಿ.

ಅಪ್ಪ ಅಮ್ಮನ ಮನೆಯಲ್ಲಿದ್ದು ಅವರಿಗೆ ಬಾಡಿಗೆ ಕೊಡುವುದು ಕಾನೂನಿಗೆ ಸರಿ. ಆದರೆ ಹಣ ನಿಜವಾಗಿ ಅವರ ಖಾತೆಗೆ ಹೋಗಿರಬೇಕು, ಅವರು ಅದನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. ಯಾರದೋ ಪ್ಯಾನ್ ಹಾಕಿ ಸುಳ್ಳು ರಸೀದಿ ಮಾಡಿಸುವ ಸಲಹೆ ಆಫೀಸಿನಲ್ಲಿ ಸುಮ್ನೆ ಓಡಾಡುತ್ತದೆ. ದಯವಿಟ್ಟು ಅದನ್ನು ಕೇಳಬೇಡಿ. ನಿಮ್ಮ ಕ್ಲೇಮ್‌ನಲ್ಲಿರುವ ಪ್ಯಾನನ್ನು ಆ ವ್ಯಕ್ತಿ ತೋರಿಸಿದ ಆದಾಯದ ಜೊತೆ ತಾಳೆ ನೋಡುವುದು ಇಲಾಖೆಗೆ ಕಷ್ಟವಲ್ಲ. ಸುಳ್ಳು ಎಂದು ಸಾಬೀತಾದರೆ ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ ಬೀಳಬಹುದು.

ಮನೆ ಸಾಲಕ್ಕೆ ಬ್ಯಾಂಕಿನಿಂದ ಪ್ರೊವಿಷನಲ್ ಸರ್ಟಿಫಿಕೇಟ್ ತೆಗೆಯಿರಿ. ಮಾರ್ಚ್‌ವರೆಗಿನ ಅಂದಾಜು ಬಡ್ಡಿ, ಅಸಲು ಅದರಲ್ಲಿ ಇರುತ್ತದೆ. ಜೊತೆಗೆ ಸಾಲ ಕೊಟ್ಟವರ ಹೆಸರು, ವಿಳಾಸ, ಪ್ಯಾನ್ ಫಾರ್ಮ್ 12ಬಿಬಿಯಲ್ಲಿ ತುಂಬಬೇಕು. ಮನೆ ಕಟ್ಟಿ ಮುಗಿದಿರದಿದ್ದರೆ ಆ ವರ್ಷ ಬಡ್ಡಿ ಕಳೆಯುವುದಿಲ್ಲ. ಹಾಗಾಗಿ ಸ್ವಾಧೀನ ಪಡೆದ ಪತ್ರ ಕೇಳಬಹುದು. ಹೆಂಡತಿ ಅಥವಾ ಗಂಡನ ಜೊತೆ ಜಂಟಿ ಸಾಲವಿದ್ದರೆ ಯಾರು ಎಷ್ಟು ಪಾಲು ತೆಗೆದುಕೊಳ್ಳುತ್ತೀರಿ ಎಂಬ ಬರಹ ಬೇಕು. ನಮ್ಮ ಉದಾಹರಣೆಯ ಹಾಗೆ ಒಂದೂರಲ್ಲಿ ಬಾಡಿಗೆ, ಇನ್ನೊಂದೂರಲ್ಲಿ ಸ್ವಂತ ಮನೆ ಇದ್ದರೆ ಎರಡನ್ನೂ ಕ್ಲೇಮ್ ಮಾಡಬಹುದು. ಕೆಲಸದ ಊರು ಬೇರೆ ಎಂದು ಒಂದು ಸಾಲಿನ ವಿವರಣೆ ಸೇರಿಸಿ. ಪ್ರೂಫ್ ನೋಡುವವರಿಗೆ ಅದಿಲ್ಲದಿದ್ದರೆ ಅನುಮಾನ ಬರುತ್ತದೆ.

ವಿಮೆಯಲ್ಲಿ ಒಂದೇ ದೊಡ್ಡ ತಪ್ಪು: ಆರೋಗ್ಯ ವಿಮೆಯ ಪ್ರೀಮಿಯಂ ನಗದಾಗಿ ಕಟ್ಟಿದರೆ 80ಡಿ ಸಿಗುವುದಿಲ್ಲ. ಜೀವ ವಿಮೆಯಲ್ಲಿ ಇನ್ನೊಂದು ಗೊಂದಲ. ಅಪ್ಪ ಅಮ್ಮನ ಹೆಸರಿನ ಪಾಲಿಸಿಯ ಪ್ರೀಮಿಯಂ 80ಸಿಗೆ ಬರುವುದಿಲ್ಲ. ನಿಮ್ಮದು, ಸಂಗಾತಿಯದು, ಮಕ್ಕಳದು ಮಾತ್ರ. ಶಾಲೆಯ ಫೀಸ್‌ನಲ್ಲಿಯೂ ಟ್ಯೂಷನ್ ಫೀಸ್ ಭಾಗ ಮಾತ್ರ ಲೆಕ್ಕಕ್ಕೆ. ಬಸ್, ಡೊನೇಷನ್ ಸೇರಿದ ಒಂದೇ ರಸೀದಿ ಕೊಟ್ಟರೆ ಪೂರ್ತಿ ತಿರಸ್ಕಾರ ಆಗಬಹುದು. ಬಿಡಿಸಿ ಬರೆದ ರಸೀದಿ ಕೇಳಿ.

ಹೆಜ್ಜೆ 4: ಅಪ್‌ಲೋಡ್ ಆದ ಮೇಲೂ ಹಾಳೆಯನ್ನು ನೋಡಿ

"ಸಬ್ಮಿಟ್ ಆಯ್ತು" ಎಂದರೆ ಒಪ್ಪಿಗೆ ಆಯಿತು ಎಂದಲ್ಲ. ತೆರಿಗೆ ಹಾಳೆಯಲ್ಲಿ ಡಿಕ್ಲೇರ್ ಮಾಡಿದ ಮೊತ್ತ ಮತ್ತು ಒಪ್ಪಿದ ಮೊತ್ತ ಅಕ್ಕಪಕ್ಕ ಇದ್ದರೆ, ಎರಡೂ ಒಂದೇ ಇವೆಯಾ ಎಂದು ನೋಡಿ. ಮಸುಕಾದ ಸ್ಕ್ಯಾನ್, ಹೋದ ವರ್ಷದ ರಸೀದಿ, ಸಹಿ ಇಲ್ಲದ 12ಬಿಬಿ, ತಪ್ಪು ಪ್ಯಾನ್ ಇವೆಲ್ಲ ತಿರಸ್ಕಾರಕ್ಕೆ ಸಾಕು. ಕಾರಣ ಹೆಚ್ಚಾಗಿ ಪೋರ್ಟಲ್‌ನಲ್ಲೇ ಬರೆದಿರುತ್ತದೆ, ಆದರೆ ಯಾರೂ ಫೋನ್ ಮಾಡಿ ಹೇಳುವುದಿಲ್ಲ. ಕೊನೆಯ ದಿನ ಅಪ್‌ಲೋಡ್ ಮಾಡುವವರಿಗೆ ಸರಿಪಡಿಸಿ ಮತ್ತೆ ಹಾಕಲು ಸಮಯವೇ ಉಳಿಯುವುದಿಲ್ಲ. ಒಂದು ವಾರ ಮುಂಚೆ ಹಾಕಿ.

ಫೆಬ್ರವರಿ, ಮಾರ್ಚ್‌ನಲ್ಲಿ ಕಟ್ಟಬೇಕಾದ ಪ್ರೀಮಿಯಂ ಅಥವಾ ಬಾಡಿಗೆಗೆ ಕೆಲವು ಕಂಪನಿಗಳು "ಕಟ್ಟುತ್ತೇನೆ" ಎಂಬ ಬರಹವನ್ನು ಹೋದ ವರ್ಷದ ರಸೀದಿಯ ಜೊತೆ ಒಪ್ಪುತ್ತವೆ. ಕೇಳಿ ನೋಡಿ. ಒಪ್ಪದಿದ್ದರೂ ಕಟ್ಟುವುದನ್ನು ನಿಲ್ಲಿಸಬೇಡಿ. ಕಂಪನಿಯ ಜನವರಿ ಗಡುವು ಅವರ ಪೇರೋಲ್ ಅನುಕೂಲಕ್ಕೆ ಇಟ್ಟದ್ದು. ಕಾನೂನಿನ ಪ್ರಕಾರ ಹೂಡಿಕೆಗೆ ಮಾರ್ಚ್ 31ರವರೆಗೆ ಸಮಯವಿದೆ.

ಹೆಜ್ಜೆ 5: ಗಡುವು ಮುಗಿದುಹೋಗಿದ್ದರೆ

ಮೊದಲು ಪೇರೋಲ್‌ಗೆ ಇಮೇಲ್ ಹಾಕಿ ಎರಡು ವಿಷಯ ಕೇಳಿ. ಮಾರ್ಚ್ ಸಂಬಳದ ಮೊದಲು ಇನ್ನೊಮ್ಮೆ ವಿಂಡೋ ತೆರೆಯುತ್ತಾರಾ? ಟಿಡಿಎಸ್ ಲೆಕ್ಕವನ್ನು ಹೊಸ ಪದ್ಧತಿಗೆ ಬದಲಿಸಲು ಬಿಡುತ್ತಾರಾ? ಎರಡನೆಯದನ್ನು ಹಲವು ಕಂಪನಿಗಳು ಮಧ್ಯದಲ್ಲಿ ಒಪ್ಪುವುದಿಲ್ಲ. ಒಪ್ಪಿದರೆ ನಮ್ಮ ಉದಾಹರಣೆಯಲ್ಲಿ ವ್ಯತ್ಯಾಸ ದೊಡ್ಡದು. 18 ಲಕ್ಷಕ್ಕೆ ಹೊಸ ಪದ್ಧತಿಯ ತೆರಿಗೆ, 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, 1,50,800. ಪ್ರೂಫ್ ಇಲ್ಲದ ಹಳೆ ಪದ್ಧತಿಯ 3,16,524ರ ಅರ್ಧಕ್ಕಿಂತ ಕಡಿಮೆ.

ಎರಡೂ ಆಗದಿದ್ದರೆ, ಆ ಮೂರು ತಿಂಗಳ ಆಟೋ ಡೆಬಿಟ್‌ಗಳ ದಿನಾಂಕ ಬರೆದಿಟ್ಟುಕೊಳ್ಳಿ. ಹೋಮ್ ಲೋನ್ ಇಎಂಐ, ಕ್ರೆಡಿಟ್ ಕಾರ್ಡ್, ಎಸ್‌ಐಪಿ. 68,000 ಕೈಗೆ ಬರುವ ತಿಂಗಳಲ್ಲಿ ಮೊದಲು ಇಎಂಐ ಮತ್ತು ಬಾಡಿಗೆ. ಎಸ್‌ಐಪಿಯನ್ನು ಎರಡು ಮೂರು ತಿಂಗಳು ತಡೆಹಿಡಿಯುವುದು ಸುಲಭ, ಆದರೆ 80ಸಿ ಮಿತಿ ತುಂಬಲು ತೆರಿಗೆ ಉಳಿಸುವ ಮ್ಯೂಚುವಲ್ ಫಂಡ್ ಆದ ಇಎಲ್‌ಎಸ್‌ಎಸ್‌ನಲ್ಲಿ ಎಸ್‌ಐಪಿ ಹಾಕುತ್ತಿದ್ದರೆ ಅದನ್ನು ನಿಲ್ಲಿಸುವ ಮುಂಚೆ ಯೋಚಿಸಿ. ಈ ಕೊರತೆಗೆ ಪರ್ಸನಲ್ ಲೋನ್ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಹಣ ರಿಫಂಡ್ ಆಗಿ ಬರುತ್ತದೆ, ಆದರೆ ಯಾವ ದಿನ ಬರುತ್ತದೆ ಎಂದು ಹೇಳಲಾಗದು.

ಹೆಜ್ಜೆ 6: ರಿಟರ್ನ್‌ನಲ್ಲಿ ವಾಪಸ್ ಪಡೆಯಿರಿ

ಕಂಪನಿಗೆ ಪ್ರೂಫ್ ಕೊಡದ ಕಾರಣಕ್ಕೆ ವಿನಾಯಿತಿಯ ಹಕ್ಕು ಹೋಗುವುದಿಲ್ಲ. ಬಾಡಿಗೆ ನಿಜವಾಗಿ ಕೊಟ್ಟಿದ್ದರೆ, ಬಡ್ಡಿ ನಿಜವಾಗಿ ಕಟ್ಟಿದ್ದರೆ, ರಿಟರ್ನ್‌ನಲ್ಲಿ ನೀವೇ ಕ್ಲೇಮ್ ಮಾಡಬಹುದು. ಜೂನ್ 15ರೊಳಗೆ ಕಂಪನಿ ಫಾರ್ಮ್ 16 ಕೊಡಬೇಕು. ಅದರ ಟಿಡಿಎಸ್ ಮತ್ತು ಇಲಾಖೆಯಲ್ಲಿರುವ ನಿಮ್ಮ ತೆರಿಗೆ ದಾಖಲೆಯಾದ ಫಾರ್ಮ್ 26ಎಎಸ್‌ನ ಟಿಡಿಎಸ್ ಒಂದೇ ಇವೆಯೇ ನೋಡಿ.

ಇಲ್ಲಿ ಒಂದು ದಿನಾಂಕ ತುಂಬಾ ಮುಖ್ಯ. ಸಂಬಳದಾರರಿಗೆ ರಿಟರ್ನ್ ಗಡುವು ಜುಲೈ 31. ಹಳೆ ಪದ್ಧತಿ ಬೇಕೆಂದರೆ ಆ ಗಡುವಿನೊಳಗೆ ಸಲ್ಲಿಸಿದ ರಿಟರ್ನ್‌ನಲ್ಲೇ ಆರಿಸಬೇಕು. ತಡವಾದರೆ ಹೊಸ ಪದ್ಧತಿ ಮಾತ್ರ, ಎಚ್‌ಆರ್‌ಎಯೂ ಹೋಯಿತು, ಬಡ್ಡಿಯೂ ಹೋಯಿತು. ಪ್ರೂಫ್ ಗಡುವು ತಪ್ಪಿದ್ದು ತಾತ್ಕಾಲಿಕ ನಷ್ಟ. ಈ ಗಡುವು ತಪ್ಪಿದರೆ ಶಾಶ್ವತ ನಷ್ಟ.

ರಿಟರ್ನ್‌ನಲ್ಲಿ ಹೊಸ ಪದ್ಧತಿಯಿಂದ ಹೊರಬರುತ್ತೀರಾ ಎಂಬ ಪ್ರಶ್ನೆಗೆ ಹೌದು ಎಂದು ಹಾಕಿ. ವ್ಯಾಪಾರದ ಆದಾಯ ಇಲ್ಲದ ಸಂಬಳದಾರರಿಗೆ ಬೇರೆ ಫಾರ್ಮ್ ಬೇಡ. ಎಚ್‌ಆರ್‌ಎಯನ್ನು ಸಂಬಳದ ಭಾಗದಲ್ಲಿ 10(13ಎ) ಅಡಿ, ಬಡ್ಡಿಯನ್ನು ಮನೆ ಆಸ್ತಿಯ ಭಾಗದಲ್ಲಿ ತುಂಬಿ. ಈಗ ರಿಟರ್ನ್‌ನಲ್ಲೇ ಪಾಲಿಸಿ ಸಂಖ್ಯೆ, ಸಾಲದ ಖಾತೆ ಸಂಖ್ಯೆ ಮುಂತಾದ ವಿವರ ಕೇಳುತ್ತಾರೆ. ಹಾಗಾಗಿ ಕಂಪನಿಗೆ ಕೊಡಲಾಗದ ಅದೇ ಕಾಗದಗಳು ಇಲ್ಲಿ ಕೈಯಲ್ಲಿರಲೇಬೇಕು. ಫಾರ್ಮ್ 16ಕ್ಕಿಂತ ದೊಡ್ಡ ಕ್ಲೇಮ್ ಇರುವುದರಿಂದ ಇಲಾಖೆ ಪ್ರಶ್ನೆ ಕೇಳಬಹುದು. ಕರಾರು, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಪಾನವಾಗಿಡಿ. ಸಲ್ಲಿಸಿದ ಮೇಲೆ 30 ದಿನದೊಳಗೆ ಇ-ವೆರಿಫೈ ಮಾಡಿ.

ನಮ್ಮ ಉದಾಹರಣೆಯವರಿಗೆ ವಾಪಸ್ ಬರಬೇಕಾದದ್ದು 1,83,144, ಮೂರು ತಿಂಗಳಲ್ಲಿ ಜಾಸ್ತಿ ಹಿಡಿದ ಅಷ್ಟೂ ಹಣ. ಇನ್ನು, ಡಿಕ್ಲೇರ್ ಮಾಡಿದ್ದನ್ನು ನಿಜವಾಗಿ ಮಾಡಿಯೇ ಇರಲಿಲ್ಲ ಎನ್ನುವವರಿಗೂ ದಾರಿ ಇದೆ. ರಿಟರ್ನ್‌ನಲ್ಲಿ ಹೊಸ ಪದ್ಧತಿ ಆರಿಸಿದರೆ ಇದೇ ಸಂಬಳಕ್ಕೆ 1,65,724 ರಿಫಂಡ್ ಬರುತ್ತದೆ. ಬೇರೆ ಆದಾಯ ಇಲ್ಲದೆ ವರ್ಷದ ಸಂಬಳ 12,75,000 ದಾಟದಿದ್ದರೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಸೊನ್ನೆ, ಹಿಡಿದ ಟಿಡಿಎಸ್ ಪೂರ್ತಿ ವಾಪಸ್.

ಮುಂದಿನ ಏಪ್ರಿಲ್‌ಗೆ

ಡಿಕ್ಲರೇಷನ್‌ನಲ್ಲಿ ಖಚಿತವಾಗಿ ಕಾಗದ ಸಿಗುವುದನ್ನು ಮಾತ್ರ ಬರೆಯಿರಿ. ಓನರ್ ಪ್ಯಾನ್ ಕೊಡುವುದು ಅನುಮಾನವಿದ್ದರೆ ಬಾಡಿಗೆ ಬರೆಯದೆ ಬಿಟ್ಟು, ರಿಟರ್ನ್‌ನಲ್ಲಿ ನೋಡಿಕೊಳ್ಳಿ. 30 ಶೇಕಡಾ ಸ್ಲ್ಯಾಬ್‌ನವರು 1 ಲಕ್ಷ ಕಡಿಮೆ ಡಿಕ್ಲೇರ್ ಮಾಡಿದರೆ ತಿಂಗಳಿಗೆ 2,600 ಜಾಸ್ತಿ ಹಿಡಿಯುತ್ತಾರೆ. ಅದನ್ನೇ ಡಿಕ್ಲೇರ್ ಮಾಡಿ ಪ್ರೂಫ್ ಕೊಡದಿದ್ದರೆ ಜನವರಿಯಿಂದ ತಿಂಗಳಿಗೆ 10,400.